ಎಂಟು ಗರುಧಮ್ಮಗಳು ಬುದ್ಧನದ್ದಾ, ಆಮೇಲೆ ಸೇರಿದ್ದಾ? ಭಿಕ್ಷುಣಿ ಸಂಘದ ಕತೆಯನ್ನು ಹೇಗೆ ಓದಬೇಕು?

ಸುಮಾ, ಮೈಸೂರು

ನಮ್ಮ ಓದಿನ ಬಳಗದಲ್ಲಿ ಈಗ ಮೊದಲ ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆ ಓದುತ್ತಿದ್ದೇವೆ. ಮುತ್ತಾ ಎಂಬ ಭಿಕ್ಷುಣಿ ಒರಳು, ಒನಕೆ, ಗೂನು ಬೆನ್ನಿನ ಗಂಡ, ಈ ಮೂರು ಸೊಟ್ಟಗಳಿಂದ ಬಿಡುಗಡೆ ಸಿಕ್ಕಿತು ಎಂದು ಹಾಡುತ್ತಾಳೆ. ಎರಡು ಬೆರಳಷ್ಟು ಬುದ್ಧಿಯ ಹೆಂಗಸಿಗೆ ಇದೆಲ್ಲ ದಕ್ಕುವುದಿಲ್ಲ ಎಂದು ಮಾರ ಅಣಕಿಸಿದಾಗ ಸೋಮಾ ಹೆದರುವುದಿಲ್ಲ. ಮನಸ್ಸು ನೆಲೆ ನಿಂತ ಮೇಲೆ ಹೆಣ್ಣಾಗಿರುವುದರಿಂದ ಏನು ಅಡ್ಡಿ ಎಂದು ಅವನನ್ನೇ ಕೇಳುತ್ತಾಳೆ.

ಇದನ್ನೆಲ್ಲ ಓದಿದ ಹುಮ್ಮಸ್ಸಿನಲ್ಲಿ ಸಂಘ ಶುರುವಾದ ಕತೆಗೆ ಹೋದೆ. ಅಲ್ಲಿ ತಡೆದು ನಿಂತೆ. ಬುದ್ಧನನ್ನು ಎದೆಹಾಲು ಕೊಟ್ಟು ಸಾಕಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಕಪಿಲವಸ್ತುವಿನಲ್ಲಿ ಮೂರು ಸಲ ಕೇಳುತ್ತಾಳೆ. ಮೂರು ಸಲವೂ ಬೇಡ ಎಂಬ ಉತ್ತರ. ಆಕೆ ತಲೆ ಬೋಳಿಸಿಕೊಂಡು, ಕಾವಿ ಉಟ್ಟು, ಶಾಕ್ಯ ಹೆಂಗಸರ ಜೊತೆ ವೈಶಾಲಿಗೆ ನಡೆದು ಬರುತ್ತಾಳೆ. ಕಾಲು ಊದಿಕೊಂಡು, ಮೈತುಂಬ ಧೂಳಾಗಿ, ಅಳುತ್ತಾ ಬಾಗಿಲ ಹೊರಗೆ ನಿಂತಿರುತ್ತಾಳೆ. ಆನಂದ ಅವಳ ಪರವಾಗಿ ಕೇಳಿ, ಕೊನೆಗೆ "ಹೆಂಗಸರು ಅರಹಂತರಾಗಬಲ್ಲರೇ", ಅಂದರೆ ಪೂರ್ಣ ಮುಕ್ತಿ ಪಡೆಯಬಲ್ಲರೇ, ಎಂಬ ಪ್ರಶ್ನೆ ಇಡುತ್ತಾನೆ. ಆಗಬಲ್ಲರು ಎಂದು ಬುದ್ಧ ಒಪ್ಪುತ್ತಾನೆ. ಆದರೆ ಎಂಟು ಷರತ್ತು, ಇವೇ ಗರುಧಮ್ಮಗಳು. ಮೊದಲನೆಯದೇ ನೋಡಿ: ದೀಕ್ಷೆಯಾಗಿ ನೂರು ವರ್ಷವಾದ ಭಿಕ್ಷುಣಿಯೂ ಅದೇ ದಿನ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಿಂತು ಕೈಮುಗಿಯಬೇಕು. ಅದೂ ಸಾಲದು ಎಂಬಂತೆ, ಹೆಂಗಸರು ಬಂದದ್ದರಿಂದ 1000 ವರ್ಷ ಬಾಳಬೇಕಿದ್ದ ಧರ್ಮ 500 ವರ್ಷ ಮಾತ್ರ ಬಾಳುತ್ತದೆ ಎಂಬ ಮಾತು. ಭತ್ತದ ಗದ್ದೆಗೆ, ಕಬ್ಬಿನ ಗದ್ದೆಗೆ ರೋಗ ಬಿದ್ದ ಹಾಗಂತೆ.

ಒಂದೇ ಪರಂಪರೆಯಲ್ಲಿ ಇವೆರಡೂ ಹೇಗೆ ಬಂದವು? ಈ ಎಂಟನ್ನು ಬುದ್ಧನೇ ಹೇಳಿದನಾ? ಸ್ತ್ರೀವಾದಿ ಇತಿಹಾಸಕಾರರು ಇದಕ್ಕೆ ಏನೆನ್ನುತ್ತಾರೆ? ಮುಂದಿನ ಭಾನುವಾರ ಬಳಗದಲ್ಲಿ ನಾನು ಮಾತಾಡಬೇಕು. ತಿಳಿದವರು ದಯವಿಟ್ಟು ಹೇಳಿ.

ಪ್ರಶಾಂತ್ ಬಿ.

ಮೇಡಂ, ಇದನ್ನು ಇವತ್ತಿನ ಕಣ್ಣಲ್ಲಿ ನೋಡಬಾರದು. 2500 ವರ್ಷದ ಹಿಂದೆ ಹೆಂಗಸರಿಗೆ ಅಂತ ಸನ್ಯಾಸಿ ಸಂಘ ಕಟ್ಟಿದ ಮೊದಲಿಗ ಬುದ್ಧ. ಸಮಾಜ ಒಪ್ಪಬೇಕಲ್ಲ? ಕಾಡಿನಲ್ಲಿ, ದಾರಿಯಲ್ಲಿ ಹೆಂಗಸರು ಒಂಟಿಯಾಗಿ ಓಡಾಡುವುದು ಅಪಾಯ. ಅದಕ್ಕೇ ಭಿಕ್ಷುಗಳ ಆಸರೆಯಲ್ಲಿ ಇಟ್ಟ. ಎಂಟೂ ನಿಯಮ ರಕ್ಷಣೆಗೆ ಮಾಡಿದ್ದು. ಅವಮಾನ ಅಂತ ಓದುವುದು ನಮ್ಮ ಕಾಲದ ಆರೋಪ, ಅಷ್ಟೇ.

ಕಾವೇರಿ, ಧಾರವಾಡ

ಪ್ರಶಾಂತ್ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಭಿಕ್ಷುಗಳಿಲ್ಲದ ಜಾಗದಲ್ಲಿ ಭಿಕ್ಷುಣಿಯರು ಮಳೆಗಾಲ ಕಳೆಯಬಾರದು ಎಂಬ ಎರಡನೆಯ ನಿಯಮವನ್ನು ರಕ್ಷಣೆ ಎಂದು ಓದಬಹುದು. ಅಪಾಯವೂ ನಿಜವಾಗಿತ್ತು. ಒಂಟಿಯಾಗಿ ಊರಿಂದೂರಿಗೆ ಹೋಗಬಾರದು, ಒಂಟಿಯಾಗಿ ಹೊಳೆ ದಾಟಬಾರದು ಎಂಬ ನಿಯಮಗಳ ಹಿಂದೆ ಅತ್ಯಾಚಾರದ ಘಟನೆಗಳನ್ನೇ ವಿನಯ, ಅಂದರೆ ಸಂಘದ ನಿಯಮಗಳ ಗ್ರಂಥ, ಹೇಳುತ್ತದೆ. ಆದರೆ ನೂರು ವರ್ಷದ ಹಿರಿಯಳು ನಿನ್ನೆ ಬಂದ ಹುಡುಗನಿಗೆ ಕೈಮುಗಿದರೆ ಯಾವ ಕಳ್ಳನಿಂದ ರಕ್ಷಣೆ ಸಿಗುತ್ತದೆ? ಭಿಕ್ಷುಣಿ ಭಿಕ್ಷುವಿಗೆ ಬುದ್ಧಿ ಹೇಳುವಂತಿಲ್ಲ, ಭಿಕ್ಷು ಭಿಕ್ಷುಣಿಗೆ ಹೇಳಬಹುದು ಎಂಬ ಎಂಟನೆಯ ನಿಯಮಕ್ಕೂ ದಾರಿಯ ಅಪಾಯಕ್ಕೂ ಸಂಬಂಧವಿಲ್ಲ. ಮೊದಲಿಗ ಎನ್ನುವುದೂ ನಿಲ್ಲುವುದಿಲ್ಲ. ಜೈನರಲ್ಲಿ ಸಾಧ್ವಿಯರಿದ್ದರು. ಥೇರಿಯರಲ್ಲಿ ಒಬ್ಬಳಾದ ಭದ್ದಾ ಕುಂಡಲಕೇಶಿಯೇ ಮೊದಲು ಜೈನ ಸನ್ಯಾಸಿನಿಯಾಗಿದ್ದಳು ಎಂದು ಹಳೆಯ ವ್ಯಾಖ್ಯಾನವಾದ ಅಟ್ಟಕಥೆ ಹೇಳುತ್ತದೆ.

ಸುಮಾ ಅವರ ಪ್ರಶ್ನೆಗೆ ಬರುತ್ತೇನೆ. ಈ ಎಂಟರ ಪಟ್ಟಿ ಈಗಿರುವ ರೂಪದಲ್ಲಿ ಮೊದಲ ದಿನವೇ ಬಂದಿರಲಾರದು. ಇದನ್ನು ಹೇಳಲು ಹೊರಗಿನ ಸಾಕ್ಷಿ ಬೇಕಿಲ್ಲ, ವಿನಯವೇ ಸಾಕು.

ಆರನೆಯ ನಿಯಮ ನೋಡಿ. ಹೆಣ್ಣು ಎರಡು ವರ್ಷ ಶಿಷ್ಯೆಯಾಗಿ ತರಬೇತಿ ಪಡೆದು, ಆಮೇಲೆ ಎರಡೂ ಸಂಘಗಳಿಂದ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ, ಕೇಳಬೇಕು. ಎರಡೂ ಅಂದರೆ ಭಿಕ್ಷು ಸಂಘ ಮತ್ತು ಭಿಕ್ಷುಣಿ ಸಂಘ. ಗೌತಮಿ ಬಾಗಿಲಲ್ಲಿ ನಿಂತಿದ್ದ ದಿನ ಭಿಕ್ಷುಣಿ ಸಂಘ ಎಲ್ಲಿತ್ತು? ಅವಳೇ ಮೊದಲನೆಯವಳು. ಅವಳಿಗೂ ಅವಳ ಜೊತೆ ಬಂದವರಿಗೂ ಎರಡು ವರ್ಷದ ತರಬೇತಿಯೂ ಆಗಲಿಲ್ಲ.

ಎರಡನೆಯ ನಿಯಮದ್ದು ಬೇರೆ ಕತೆ. ಅದು ಭಿಕ್ಷುಣಿಯರ ನಿಯಮಪಟ್ಟಿಯಾದ ಪಾತಿಮೋಕ್ಖದಲ್ಲಿ ಇನ್ನೊಮ್ಮೆ ಬರುತ್ತದೆ. ಅಲ್ಲಿ ಅದಕ್ಕೆ ತನ್ನದೇ ಹುಟ್ಟಿನ ಕತೆಯಿದೆ. ಕೆಲವು ಭಿಕ್ಷುಣಿಯರು ಭಿಕ್ಷುಗಳಿಲ್ಲದ ಕಡೆ ಮಳೆಗಾಲ ಕಳೆದರು, ಆಗ ಬುದ್ಧ ಈ ನಿಯಮ ಮಾಡಿದ ಎನ್ನುತ್ತದೆ. ಮೊದಲೇ ಒಪ್ಪಿ ಬಂದ ಷರತ್ತಾಗಿದ್ದರೆ ಹೊಸದಾಗಿ ಯಾಕೆ ಮಾಡಬೇಕು? ಶಿಕ್ಷೆಯೂ ಹೊಂದುವುದಿಲ್ಲ. ಗರುಧಮ್ಮ ಮುರಿದವಳು ಎರಡೂ ಸಂಘಗಳ ಮುಂದೆ ಹದಿನೈದು ದಿನದ ಪ್ರಾಯಶ್ಚಿತ್ತ ಮಾಡಬೇಕು ಎಂದು ಐದನೆಯ ಷರತ್ತು ಹೇಳುತ್ತದೆ. ಅದೇ ತಪ್ಪಿಗೆ ಪಾತಿಮೋಕ್ಖದಲ್ಲಿ ತಪ್ಪೊಪ್ಪಿಕೊಂಡರೆ ಸಾಕು.

ಭದ್ದಾ ಹಾಡಿದ್ದನ್ನೂ ಮರೆಯಬೇಡಿ. "ಬಾ ಭದ್ದಾ ಎಂದ, ಅದೇ ನನ್ನ ಉಪಸಂಪದೆ" ಎನ್ನುತ್ತಾಳೆ. ಎಂಟು ಷರತ್ತಿನ ಸುದ್ದಿಯೇ ಇಲ್ಲ.

ಸಿದ್ಧಾರ್ಥ, ಕೋಲಾರ

ಕಾವೇರಿ ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಭಾರತದಲ್ಲಿ ಹೆಣ್ಣಿನ ಅವನತಿಗೆ ಬುದ್ಧ ಕಾರಣ ಎಂಬ ಆರೋಪ ಬಂದಾಗ ಬಾಬಾಸಾಹೇಬರು 1951ರಲ್ಲಿ ಮಹಾಬೋಧಿ ಪತ್ರಿಕೆಯಲ್ಲಿ ದೀರ್ಘವಾಗಿ ಉತ್ತರ ಬರೆದರು. ಹೆಂಗಸರನ್ನು ನೋಡಲೇಬೇಡಿ, ಮಾತಾಡಿಸಬೇಡಿ ಎಂದು ಬುದ್ಧ ಆನಂದನಿಗೆ ಹೇಳಿದ ಎಂಬ ಭಾಗ ಆಮೇಲೆ ಭಿಕ್ಷುಗಳು ಸೇರಿಸಿದ್ದು ಎಂದು ವಾದಿಸಿದರು. ವಿಶಾಖೆಯನ್ನು, ಆಮ್ರಪಾಲಿಯನ್ನು ಭೇಟಿ ಮಾಡಿದ ಬುದ್ಧನಿಗೂ ಈ ಮಾತಿಗೂ ತಾಳೆಯಾಗುವುದಿಲ್ಲ ಅಲ್ವಾ? ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬೌದ್ಧರು. ಅಮ್ಮ, ಅಕ್ಕಂದಿರು ವಂದನೆಯಲ್ಲಿ ಮುಂದೆ ನಿಂತು ತ್ರಿಸರಣ ಹೇಳಿಸುತ್ತಾರೆ. ಈ ಎಂಟು ನಿಯಮ ಬುದ್ಧನದ್ದಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಪುರೋಹಿತಶಾಹಿ ಮನಸ್ಸು ಸಂಘದೊಳಗೆ ನುಗ್ಗಿದ್ದರ ಗುರುತು ಅದು.

ಮೀನಾ, ಬೆಂಗಳೂರು

ಸಿದ್ಧಾರ್ಥ ಅವರೇ, ನಿಮ್ಮ ಮನೆಯ ಮಾತು ಓದಿ ಖುಷಿಯಾಯಿತು. ಆದರೆ ಸ್ತ್ರೀವಾದಿ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ತಕರಾರಿದೆ. ಆಮೇಲೆ ಸೇರಿದ್ದು ಎಂದು ತೋರಿಸಿದರೆ ಕೆಲಸ ಮುಗಿಯಿತಾ? ಒಳ್ಳೆಯದೆಲ್ಲ ಬುದ್ಧನದ್ದು, ಕೆಟ್ಟದ್ದೆಲ್ಲ ಶಿಷ್ಯರದ್ದು ಎಂದರೆ ನಮ್ಮ ಇಷ್ಟವೇ ಅಳತೆಗೋಲಾಗುತ್ತದೆ. ಸೋಮಾಳ ಹಾಡೂ ಆಮೇಲೆ ಬಂದದ್ದಿರಬಹುದಲ್ಲ? ಅದನ್ನು ಮಾತ್ರ ಯಾಕೆ ನಾವು ಹಳೆಯದು ಎನ್ನುತ್ತೇವೆ?

ಈ ವಿಚಾರದಲ್ಲಿ ಇತಿಹಾಸಕಾರರ ನಡುವೆಯೇ ಒಮ್ಮತವಿಲ್ಲ. 1930ರಲ್ಲಿ ಐ. ಬಿ. ಹಾರ್ನರ್ ಈ ಪಠ್ಯಗಳನ್ನೆಲ್ಲ ಒಟ್ಟಿಗೆ ಓದಿದಾಗ ಬೌದ್ಧಧರ್ಮ ಹೆಣ್ಣಿಗೆ ಕೊಟ್ಟ ಹೊಸ ಜಾಗದ ಮೇಲೆ ಒತ್ತು ಕೊಟ್ಟರು. ರೀಟಾ ಗ್ರಾಸ್ 1993ರಲ್ಲಿ ಬರೆದಾಗ ತಾವು ಬೌದ್ಧರು ಎಂಬುದನ್ನು ಮುಚ್ಚಿಡಲಿಲ್ಲ. ಇವತ್ತಿನ ಹೆಂಗಸರಿಗೆ ಬಳಕೆಗೆ ಬರುವಂಥ ಗತಕಾಲ ಬೇಕು ಎಂದು ನೇರವಾಗಿ ಹೇಳಿ, ಹಾಗೆಂದು ಕತೆಯನ್ನು ಸಿಹಿ ಮಾಡಬಾರದು ಎಂದೂ ಹೇಳಿದರು. ಅಲನ್ ಸ್ಪಾನ್‌ಬರ್ಗ್ ಓದಿದ ರೀತಿ ಬೇರೆ. ಪಠ್ಯದಲ್ಲಿ ಒಂದೇ ದನಿಯಿಲ್ಲ, ಹಲವು ದನಿಗಳಿವೆ ಎನ್ನುತ್ತಾರೆ. ಮುಕ್ತಿ ಎಲ್ಲರಿಗೂ ಎನ್ನುವುದು ಒಂದು ದನಿ. ಸಂಘದ ಅಧಿಕಾರ ಗಂಡಸರದ್ದೇ ಎನ್ನುವುದು ಇನ್ನೊಂದು. ಹೆಣ್ಣೆಂದರೆ ಬ್ರಹ್ಮಚರ್ಯಕ್ಕೆ ಬಲೆ ಎಂದು ಹೆದರುವುದು ಮತ್ತೊಂದು. ಒಂದನ್ನು ಅಸಲಿ, ಉಳಿದದ್ದನ್ನು ನಕಲಿ ಎನ್ನುವ ಅಗತ್ಯ ಬೀಳುವುದಿಲ್ಲ. ಸುಮಾ ಅಕ್ಕನಿಗೆ ವಿಚಿತ್ರ ಎನಿಸಿದ್ದು ಮೊದಲ ಎರಡು ದನಿ ಒಂದೇ ಕತೆಯಲ್ಲಿ ಒತ್ತಿಗೊತ್ತಿ ಕೂತಿರುವುದರಿಂದ.

ನನಗೆ ತುಂಬ ಹಿಡಿಸಿದ್ದು ರೇಕೊ ಓನುಮಾ ಅವರ ಓದು. ಆನಂದನ ವಾದದಲ್ಲಿ ಎರಡು ಭಾಗ ಇದೆ. ಹೆಂಗಸರು ಅರಹಂತರಾಗಬಲ್ಲರು ಎನ್ನುವುದು ಒಂದು. ಈಕೆ ನಿನಗೆ ಹಾಲು ಕೊಟ್ಟವಳು ಎನ್ನುವುದು ಇನ್ನೊಂದು. ತತ್ವಕ್ಕೆ ಮೊದಲನೆಯದೇ ಸಾಕು. ಆದರೂ ಕತೆ ತಾಯಿಯ ಋಣವನ್ನು ಎಳೆದು ತರುತ್ತದೆ. ಭಿಕ್ಷುಣಿ ಸಂಘ ಸಾಲ ತೀರಿಸಲು ಕೊಟ್ಟದ್ದೋ, ಹಕ್ಕಿನಿಂದ ಬಂದದ್ದೋ ಎಂಬುದು ಅಲ್ಲೇ ಗೊಂದಲವಾಗುತ್ತದೆ.

ಶಾರದಾ ಎಚ್., ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ವಿಪಸ್ಸನ ಶಿಬಿರಕ್ಕೆ ಹೋಗಿ ಬಂದ ಮೇಲೆ ಭಿಕ್ಷುಣಿ ಆಗುತ್ತೇನೆ ಅನ್ನುತ್ತಿದ್ದಾಳೆ. ಓದಿದ್ದಾಳೆ, ಕೆಲಸ ಇದೆ, ಮದುವೆಯಾಗಿಲ್ಲ. ಅಕ್ಕ ಊಟ ಬಿಟ್ಟು ಕೂತಿದ್ದಾಳೆ. ತಂದೆತಾಯಿ ಒಪ್ಪದಿದ್ದರೂ ಸೇರಿಸಿಕೊಳ್ಳುತ್ತಾರಾ? ನೀವು ಎಂಟು ನಿಯಮ ಅಂದದ್ದು ನೋಡಿ ಅದರಲ್ಲಿ ಇದೂ ಇರಬಹುದು ಅಂತ ಕೇಳುತ್ತಿದ್ದೇನೆ.

ಕಾವೇರಿ, ಧಾರವಾಡ

ಶಾರದಾ ಅಕ್ಕ, ಅದು ಆ ಎಂಟರಲ್ಲಿಲ್ಲ, ಆದರೆ ವಿನಯದಲ್ಲಿದೆ. ತಂದೆತಾಯಿ ಒಪ್ಪಿಗೆ ಗಂಡುಮಕ್ಕಳಿಗೂ ಬೇಕು. ಮದುವೆಯಾದ ಹೆಣ್ಣಿಗೆ ಗಂಡನ ಒಪ್ಪಿಗೆಯೂ ಬೇಕು. ಮದುವೆಯಾದ ಗಂಡಸು ಹೆಂಡತಿಯನ್ನು ಕೇಳಬೇಕೆಂಬ ನಿಯಮ ಮಾತ್ರ ಇಲ್ಲ. ಒಳ್ಳೆಯ ವಿಹಾರದವರು ಮನೆಯವರ ಜೊತೆ ಮಾತಾಡದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ನಿಮ್ಮ ಅಕ್ಕನನ್ನೂ ಕರೆದುಕೊಂಡು ಹೋಗಿ, ಅಲ್ಲಿನ ಹಿರಿಯ ಭಿಕ್ಷುಣಿಯನ್ನು ನೋಡಿ. ಹುಡುಗಿಗೆ ಮೊದಲು ಶ್ರಾಮಣೇರಿಯಾಗಿ, ಅಂದರೆ ಆರಂಭದ ದೀಕ್ಷೆಯವಳಾಗಿ, ಆಮೇಲೆ ಎರಡು ವರ್ಷ ಶಿಷ್ಯೆಯಾಗಿ ಕಳೆಯುವ ಅವಧಿ ಇರುತ್ತದೆ. ಬೇಡ ಎನಿಸಿದರೆ ಯಾವಾಗ ಬೇಕಾದರೂ ಮನೆಗೆ ಬರಬಹುದು.

ಮೀನಾ, ನಿಮ್ಮ ತಕರಾರು ಸರಿಯಾದದ್ದೇ. ನಾನು ಪಟ್ಟಿ ಆಮೇಲಿನದು ಎಂದದ್ದು ಬುದ್ಧನನ್ನು ಬಿಡಿಸಿಕೊಳ್ಳಲು ಅಲ್ಲ. ಗೌತಮಿಯ ಕತೆ ಇರುವ ಅದೇ ಅಧ್ಯಾಯವನ್ನು, ವಿನಯದ ಚುಲ್ಲವಗ್ಗ ಎಂಬ ಭಾಗದ ಹತ್ತನೆಯದನ್ನು, ಕೊನೆಯವರೆಗೆ ಓದಬೇಕು. ಬಹಳ ಮಂದಿ ಆರಂಭದ ಪುಟಗಳಲ್ಲೇ ನಿಲ್ಲುತ್ತಾರೆ. ಮುಂದೆ ಹೋದರೆ ಭಿಕ್ಷುಣಿಯರು ಎದುರು ಮಾತಾಡಿದ್ದು ಕಾಣುತ್ತದೆ.

ಎಂಟನ್ನೂ ಹೂಮಾಲೆಯಂತೆ ತಲೆಗೇರಿಸಿಕೊಳ್ಳುತ್ತೇನೆ ಎಂದಿದ್ದ ಗೌತಮಿಯೇ ಸ್ವಲ್ಪ ಹೊತ್ತಿಗೆ ಆನಂದನ ಬಳಿ ಹೋಗುತ್ತಾಳೆ. ಭಿಕ್ಷು, ಭಿಕ್ಷುಣಿ ಎಂದು ನೋಡದೆ ಯಾರು ಮೊದಲು ದೀಕ್ಷೆ ಪಡೆದರೋ ಅವರಿಗೆ ಕಿರಿಯರು ಕೈಮುಗಿಯುವ ಹಾಗೆ ಮಾಡಿ ಎಂದು ಕೇಳುತ್ತಾಳೆ. ಮೊದಲ ಷರತ್ತನ್ನೇ ತೆಗೆಯಿರಿ ಎಂದ ಹಾಗಾಯಿತು. ಉತ್ತರ ಆಗದು ಎಂದೇ ಬರುತ್ತದೆ. ಬೇರೆ ಪಂಥದವರೇ ಹೆಂಗಸರಿಗೆ ಕೈಮುಗಿಯುವುದಿಲ್ಲ, ನಾನು ಹೇಗೆ ಒಪ್ಪಲಿ ಎನ್ನುವುದು ಕಾರಣ. ಗಮನಿಸಿ, ಹೆಣ್ಣು ಕೀಳು ಎಂಬ ಕಾರಣ ಕೊಟ್ಟಿಲ್ಲ. ಊರವರು ಏನೆಂದಾರು ಎಂಬ ಕಾರಣ ಕೊಟ್ಟಿದ್ದಾರೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಘಟನೆ. ಆರು ಜನ ಪುಂಡ ಭಿಕ್ಷುಗಳ ಗುಂಪೊಂದು ಭಿಕ್ಷುಣಿಯರ ಮೇಲೆ ಕೆಸರು ನೀರು ಎರಚುತ್ತದೆ. ತಮ್ಮ ಮೇಲೆ ಅವರ ಕಣ್ಣು ಬೀಳಲಿ ಅಂತ. ದೂರು ಹೋಗುತ್ತದೆ. ಆಗ ಬಂದ ತೀರ್ಪು ಹೀಗಿದೆ: ಅಂಥ ಭಿಕ್ಷುವಿಗೆ ಇನ್ನು ಕೈಮುಗಿಯುವುದಿಲ್ಲ ಎಂದು ಭಿಕ್ಷುಣಿ ಸಂಘ ತೀರ್ಮಾನ ಮಾಡಬಹುದು. ಅಂದರೆ ಮೊದಲ ಗರುಧಮ್ಮವನ್ನು ಒಬ್ಬ ಭಿಕ್ಷುವಿನ ಮಟ್ಟಿಗೆ ನಿಲ್ಲಿಸಿಡುವ ಅಧಿಕಾರ ಹೆಂಗಸರ ಕೈಯಲ್ಲೇ ಇತ್ತು.

ಉಣ್ಣೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಇದು ಬೇರೆ ಭಾಗದಲ್ಲಿ ಬರುತ್ತದೆ. ಭಿಕ್ಷುಣಿಯರು ಶ್ರದ್ಧೆಯಿಂದ ಸಾಧನೆ ಮಾಡುತ್ತಿದ್ದಾರಾ ಎಂದು ಬುದ್ಧ ಗೌತಮಿಯನ್ನು ಕೇಳುತ್ತಾನೆ. ಎಲ್ಲಿಂದ ಬರಬೇಕು ಸಾಧನೆ, ಆ ಪುಂಡ ಭಿಕ್ಷುಗಳು ನಮ್ಮ ಕೈಯಲ್ಲಿ ಉಣ್ಣೆ ತೊಳೆಸುತ್ತಾರೆ, ಬಣ್ಣ ಹಾಕಿಸುತ್ತಾರೆ, ಎಳೆ ಬಿಡಿಸುವ ಕೆಲಸ ಮಾಡಿಸುತ್ತಾರೆ ಎಂದು ಆಕೆ ನೇರವಾಗಿ ಹೇಳುತ್ತಾಳೆ. ಭಿಕ್ಷುಗಳು ಸಂಬಂಧಿಯಲ್ಲದ ಭಿಕ್ಷುಣಿಯಿಂದ ಉಣ್ಣೆ ಕೆಲಸ ಮಾಡಿಸಬಾರದು ಎಂಬ ನಿಯಮ ಹೀಗೆ ಬಂತು. ಹಳೆ ಚೀವರ ಒಗೆಸಬಾರದು ಎಂಬುದೂ ಇದೆ. ಒರಳು ಒನಕೆ ಬಿಟ್ಟು ಬಂದವರಿಗೆ ವಿಹಾರದಲ್ಲೂ ಬಟ್ಟೆ ಒಗೆಯುವ ಪಾಡು ಕಾದಿತ್ತು ಎಂದು ಇದರಿಂದ ಗೊತ್ತಾಗುತ್ತದೆ. ಉಣ್ಣೆಯ ಕೆಲಸವನ್ನು ತಡೆದದ್ದು ಒಬ್ಬ ಹೆಂಗಸಿನ ದೂರು.

ಪ್ರಶಾಂತ್ ಬಿ.

ಕೆಸರು ನೀರಿನ ಕತೆ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಮಾತಿಗೆ ಇದು ಬಲ ಕೊಡುತ್ತದೆ. ರಕ್ಷಣೆಯ ನಿಯಮ ಭಿಕ್ಷುಗಳ ಮೇಲೂ ಇತ್ತು ಎಂದಾಯಿತಲ್ಲ? ಇನ್ನೊಂದು: ಈ ನಿಯಮಗಳಿಂದಲೇ ಭಾರತದಲ್ಲಿ ಭಿಕ್ಷುಣಿ ಸಂಘ ಬೇಗ ಅಳಿಯಿತು ಎಂದು ಎಲ್ಲೋ ಓದಿದ್ದೆ.

ಮೀನಾ, ಬೆಂಗಳೂರು

ಆ ವಾದ ನ್ಯಾನ್ಸಿ ಫಾಕ್ ಅವರದ್ದಿರಬೇಕು. 1980ರಲ್ಲಿ ಬರೆದದ್ದು. ಅವರು ಹೇಳಿದ್ದು ನಿಯಮ ನೇರವಾಗಿ ಸಂಘವನ್ನು ಕೊಂದಿತು ಅಂತಲ್ಲ. ಭಿಕ್ಷುಣಿಯರಿಗೆ ಎರಡನೆಯ ದರ್ಜೆ ಎಂದು ಪಠ್ಯ, ಆಚರಣೆ ಎರಡೂ ಹೇಳಿದವು. ದರ್ಜೆ ಕಡಿಮೆ ಇರುವವರಿಗೆ ಕೊಟ್ಟರೆ ಪುಣ್ಯವೂ ಕಡಿಮೆ ಎಂದು ದಾನಿಗಳು ಎಣಿಸಿದರು. ದಾನ ಕಡಿಮೆಯಾದರೆ ಊಟ, ವಸತಿ, ಕಲಿಕೆ ಎಲ್ಲವೂ ಕುಗ್ಗುತ್ತದೆ. ಕಲಿತ ಭಿಕ್ಷುಣಿಯರು ಕಡಿಮೆಯಾದರೆ ಗೌರವ ಇನ್ನೂ ಇಳಿಯುತ್ತದೆ.

ಆದರೆ ಬೇಗ ಅಳಿಯಿತು ಎನ್ನುವುದಕ್ಕೆ ಶಾಸನಗಳು ಒಪ್ಪುವುದಿಲ್ಲ. ಸಾಂಚಿಯಲ್ಲಿ ದಾನ ಕೊಟ್ಟವರ ಹೆಸರು ನೋಡಿದರೆ ಭಿಕ್ಷುಗಳ ಜೊತೆಗೆ ಭಿಕ್ಷುಣಿಯರೂ ಸಾಲುಸಾಲಾಗಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಬರಹಗಳಲ್ಲೂ ಭಿಕ್ಷುಣಿಯರಿದ್ದಾರೆ. ಕಲ್ಲು ಕೊಡುವಷ್ಟು ಕೈಯಲ್ಲಿ ಹಣವಿದ್ದ, ತಮ್ಮ ಹೆಸರು ಕೆತ್ತಿಸಿಕೊಂಡ ಹೆಂಗಸರು ಇವರು. ಪುಸ್ತಕದ ನಿಯಮ ಏನೇ ಹೇಳಲಿ, ಆ ಕಾಲಕ್ಕೆ ಅವರು ಮೂಲೆಗುಂಪಾಗಿರಲಿಲ್ಲ. ನಿಯಮವನ್ನು ಓದಿ ಬದುಕು ಹೀಗೇ ಇತ್ತು ಎಂದುಕೊಳ್ಳುವುದು ನಾವೆಲ್ಲ ಜಾರುವ ಜಾಗ.

ಗಿರೀಶ್, ಮುಂಡಗೋಡ

ನಾನು ಶಾಲಾ ಮೇಷ್ಟ್ರು, ವಿದ್ವಾಂಸನಲ್ಲ. ನಮ್ಮ ಊರ ಪಕ್ಕದ ಟಿಬೆಟನ್ ಕ್ಯಾಂಪಿನಲ್ಲಿ ಜಂಗ್‌ಚುಬ್ ಚೋಲಿಂಗ್ ಎಂಬ ಸನ್ಯಾಸಿನಿಯರ ಮಠವಿದೆ. ಅಂಗಳದಲ್ಲಿ ಕೈ ತಟ್ಟಿ ತರ್ಕ ಮಾಡುವುದನ್ನು ನಿಂತು ನೋಡಿದ್ದೇನೆ. 2016ರ ಡಿಸೆಂಬರಿನಲ್ಲಿ 20 ಸನ್ಯಾಸಿನಿಯರಿಗೆ ಗೆಶೆಮಾ ಪದವಿ ಕೊಟ್ಟ ಸಮಾರಂಭ ನಡೆದದ್ದು ಇಲ್ಲೇ, ಡ್ರೆಪುಂಗ್ ಮಠದಲ್ಲಿ. ದಲೈ ಲಾಮಾ ಬಂದಿದ್ದರು. ವರ್ಷಗಟ್ಟಲೆ ಓದಿ, ನಾಲ್ಕು ವರ್ಷ ಪರೀಕ್ಷೆ ಬರೆದು ಪಡೆಯುವ ಪದವಿ ಅದು. ಟಿಬೆಟನ್ ಹೆಂಗಸರಿಗೆ ಅದೇ ಮೊದಲ ಸಲ.

ಆದರೆ ಪರಿಚಯದ ಒಬ್ಬ ಸನ್ಯಾಸಿನಿ ಒಮ್ಮೆ ಹೇಳಿದ್ದು ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಇಷ್ಟೆಲ್ಲ ಓದಿದರೂ ಆಕೆ ಇನ್ನೂ ಶ್ರಾಮಣೇರಿಯೇ. ಪೂರ್ಣ ಭಿಕ್ಷುಣಿಯಾಗುವ ದಾರಿ ಅವರ ಪರಂಪರೆಯಲ್ಲಿ ಇಲ್ಲವಂತೆ. ಭಿಕ್ಷುಣಿ ಮಾಡಲು ಭಿಕ್ಷುಣಿಯರು ಬೇಕು, ಟಿಬೆಟಿಗೆ ಆ ಸಂಘ ಬಂದೇ ಇರಲಿಲ್ಲ ಅಂದರು. ಕಾವೇರಿ ಮೇಡಂ ಹೇಳಿದ ಆರನೆಯ ನಿಯಮ ಓದಿದಾಗ ಇದೇ ಅದು ಎನಿಸಿತು. ಹೌದಾ?

ಕಾವೇರಿ, ಧಾರವಾಡ

ಹೌದು ಗಿರೀಶ್ ಸರ್, ಅದೇ. ಎಂಟರಲ್ಲಿ ಇವತ್ತಿಗೂ ಬಾಗಿಲು ಹಾಕಿರುವುದು ಈ ಆರನೆಯದೇ. ಕೈಮುಗಿಯುವ ನಿಯಮ ಬೇಜಾರು ತರುತ್ತದೆ, ಆದರೆ ಯಾರನ್ನೂ ಹೊರಗಿಡುವುದಿಲ್ಲ. ಇದು ಹೊರಗಿಡುತ್ತದೆ. ಶ್ರೀಲಂಕಾದಲ್ಲಿ ಭಿಕ್ಷುಣಿ ಸಂಘ ಸುಮಾರು 11ನೆಯ ಶತಮಾನದಲ್ಲಿ, ಚೋಳರ ದಂಡಯಾತ್ರೆಯ ಕಾಲದಲ್ಲಿ ನಿಂತುಹೋಯಿತು. ಲಂಕೆ, ಥಾಯ್‌ಲ್ಯಾಂಡಿನ ಥೇರವಾದ ಪಂಥದಲ್ಲಿ ಒಬ್ಬಳೂ ಇಲ್ಲ ಎಂದಾದ ಮೇಲೆ ಹೊಸಬಳನ್ನು ಯಾರು ಮಾಡಬೇಕು? ಇಷ್ಟೇ ವಾದ. ಸಾವಿರ ವರ್ಷ ನಡೆಯಿತು.

ಆದರೆ ಎರಡು ಸಂಘದ ಉಪಸಂಪದೆ ಯಾಕೆ ಬಂತು ಎಂದು ಅದೇ ಹತ್ತನೆಯ ಅಧ್ಯಾಯ ಬೇರೆ ಕತೆ ಹೇಳುತ್ತದೆ. ಶುರುವಿನಲ್ಲಿ ಭಿಕ್ಷುಗಳೇ ಭಿಕ್ಷುಣಿಯರಿಗೆ ಉಪಸಂಪದೆ ಕೊಡಲಿ ಎಂದು ಬುದ್ಧ ಅಪ್ಪಣೆ ಕೊಡುತ್ತಾನೆ. ಗೌತಮಿಯ ಜೊತೆ ಬಂದವರು ಹಾಗೇ ಸೇರಿದ್ದು. ಉಪಸಂಪದೆಗೆ ಮುಂಚೆ ಕೆಲವು ಪ್ರಶ್ನೆ ಕೇಳುವ ಪದ್ಧತಿ ಇತ್ತು. ಹೆಂಗಸರಿಗೆ ಮುಟ್ಟಿನ ಬಗ್ಗೆ, ಮೈಯೊಳಗಿನ ತೊಂದರೆಗಳ ಬಗ್ಗೆ ಕೇಳುತ್ತಿದ್ದರು. ಕೇಳುವವರು ಗಂಡಸರು. ಹೆಂಗಸರು ನಾಚಿಕೊಂಡು ಬಾಯಿ ಬಿಡಲಾರದೆ ನಿಂತುಬಿಡುತ್ತಿದ್ದರು. ಆಗ ಬುದ್ಧ, ಮೊದಲು ಭಿಕ್ಷುಣಿಯರ ಸಂಘದಲ್ಲಿ ಈ ಪ್ರಶ್ನೆಗಳೆಲ್ಲ ಮುಗಿಯಲಿ, ಅಲ್ಲಿ ಉಪಸಂಪದೆಯಾದ ಮೇಲೆ ಭಿಕ್ಷು ಸಂಘದ ಮುಂದೆ ಬರಲಿ ಎಂದು ಬದಲಾಯಿಸುತ್ತಾನೆ. ಹೆಂಗಸರ ಸಂಕೋಚ ನೋಡಿ ಮಾಡಿದ ಅನುಕೂಲ ಇದು. ಹೆಂಗಸರು ಇಲ್ಲದಿದ್ದರೆ ಯಾರೂ ಭಿಕ್ಷುಣಿಯಾಗಬಾರದು ಎಂಬ ಉದ್ದೇಶ ಅಲ್ಲಿ ಕಾಣುವುದಿಲ್ಲ. ಭಿಕ್ಷುಗಳಿಗೆ ಕೊಟ್ಟ ಮೊದಲಿನ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡೆ ಎಂದೂ ಪಠ್ಯ ಹೇಳುವುದಿಲ್ಲ.

ಇದೇ ತೊಡಕು ಚೀನಾದಲ್ಲಿ 5ನೆಯ ಶತಮಾನದಲ್ಲೇ ಬಂದಿತ್ತು. ಅಲ್ಲಿನ ಹೆಂಗಸರು ಭಿಕ್ಷುಗಳಿಂದ ಮಾತ್ರ ಉಪಸಂಪದೆ ಪಡೆದಿದ್ದರು. ಶ್ರೀಲಂಕಾದಿಂದ ಹಡಗಿನಲ್ಲಿ ಭಿಕ್ಷುಣಿಯರು ಬಂದಾಗ, ನಮ್ಮದು ಸರಿಯಾದ ಉಪಸಂಪದೆಯೇ ಎಂಬ ಅನುಮಾನ ಎದ್ದಿತು. ಆಗ ಅಲ್ಲಿದ್ದ ಗುಣವರ್ಮ ಎಂಬ ಭಾರತೀಯ ಗುರು ಅವರ ಹಳೆಯ ಉಪಸಂಪದೆಯನ್ನು ತಳ್ಳಿಹಾಕಲಿಲ್ಲ. ಮತ್ತೊಮ್ಮೆ ಪಡೆಯಬೇಕೆಂದರೂ ತಕ್ಷಣ ಆಗಲಿಲ್ಲ. ವಿಧಿಗೆ ಹತ್ತು ಭಿಕ್ಷುಣಿಯರು ಬೇಕು, ಬಂದವರು ಅಷ್ಟಿರಲಿಲ್ಲ. ಬಂದವರು ಚೀನೀ ಭಾಷೆ ಕಲಿಯುತ್ತಾ ಕಾದರು. 433ರ ಹೊತ್ತಿಗೆ ಇನ್ನೊಂದು ಗುಂಪು ಬಂತು. ಆಮೇಲೆ 300ಕ್ಕೂ ಜಾಸ್ತಿ ಚೀನೀ ಹೆಂಗಸರು ಎರಡೂ ಸಂಘಗಳಿಂದ ಮತ್ತೆ ಉಪಸಂಪದೆ ಪಡೆದರು.

ಆ ಎಳೆ ಚೀನಾ, ಕೊರಿಯಾ, ತೈವಾನಿನಲ್ಲಿ ಉಳಿಯಿತು. 1996ರ ಡಿಸೆಂಬರಿನಲ್ಲಿ ಸಾರನಾಥದಲ್ಲಿ ಕುಸುಮಾ ಮತ್ತಿತರ ಶ್ರೀಲಂಕಾದ ಹೆಂಗಸರು ಕೊರಿಯಾದ ಭಿಕ್ಷುಣಿಯರ ಸಮ್ಮುಖದಲ್ಲಿ ಭಿಕ್ಷುಣಿಯರಾದರು. ಲಂಕೆಯಿಂದ ಹೋದದ್ದು ಲಂಕೆಗೇ ಮರಳಿತು. ಒಪ್ಪದವರು ಈಗಲೂ ಇದ್ದಾರೆ. ಚೀನಾದ್ದು ಬೇರೆ ವಿನಯ, ಬೇರೆ ಪರಂಪರೆ, ಅದು ಥೇರವಾದಕ್ಕೆ ಹೊಂದುವುದಿಲ್ಲ ಎನ್ನುತ್ತಾರೆ. ಥಾಯ್‌ಲ್ಯಾಂಡಿನಲ್ಲಿ ಭಿಕ್ಷುಗಳು ಹೆಂಗಸರಿಗೆ ದೀಕ್ಷೆ ಕೊಡಬಾರದು ಎಂಬ 1928ರ ಆದೇಶ ಇನ್ನೂ ಹಾಗೇ ಇದೆ. ಅಲ್ಲಿನ ಹೆಂಗಸರು ಶ್ರೀಲಂಕಾಕ್ಕೆ ಹೋಗಿ ಭಿಕ್ಷುಣಿಯರಾಗಿ ಬರುತ್ತಾರೆ.

ಗಿರೀಶ್ ಸರ್, ನಿಮ್ಮ ಪರಿಚಯದವರಿಗೆ ಇದನ್ನು ಹೇಳಿ. ಅವರಿಗೆ ಗೊತ್ತೇ ಇರಬಹುದು. 2022ರ ಜೂನಿನಲ್ಲಿ ಭೂತಾನಿನ ಧರ್ಮಗುರು ಜೆ ಖೆಂಪೊ 144 ಹೆಂಗಸರಿಗೆ ಪೂರ್ಣ ಉಪಸಂಪದೆ ಕೊಟ್ಟರು. ಕೊಟ್ಟವರು ಭಿಕ್ಷುಗಳು ಮಾತ್ರ. ಬುದ್ಧನ ಆ ಮೊದಲ ಅಪ್ಪಣೆ ಇದ್ದ ಹಾಗೆಯೇ.

ಗಿರೀಶ್, ಮುಂಡಗೋಡ

ಗೊತ್ತಿದೆ ಮೇಡಂ, ಅಲ್ಲಿಗೆ ಹೋಗಬಹುದಿತ್ತಲ್ಲ ಎಂದು ನಾನೇ ಕೇಳಿದ್ದೆ. ಒಬ್ಬೊಬ್ಬರೇ ಹೋಗಿ ಬಂದರೆ ಆಗದು, ಹಿಂದಿರುಗಿ ಬಂದ ಮೇಲೆ ವಿಧಿಗಳನ್ನು ಯಾರ ಜೊತೆ ಕೂತು ಮಾಡಬೇಕು ಅಂದರು. ತಮ್ಮ ಮಠದಲ್ಲಿ ಎಲ್ಲರೂ ಒಟ್ಟಿಗೆ ಆಗಬೇಕು ಎನ್ನುವುದು ಅವರ ಆಸೆ.

ಪ್ರಶಾಂತ್ ಬಿ.

ಒಂದು ಪ್ರಶ್ನೆ, ಬೇಸರ ಬೇಡ. ಮುಕ್ತಿಗೆ ಅಡ್ಡಿಯಿಲ್ಲ ಎಂದ ಮೇಲೆ ಉಪಸಂಪದೆಗಾಗಿ ಇಷ್ಟು ಹೋರಾಟ ಯಾಕೆ? ಶ್ರೀಲಂಕಾದಲ್ಲಿ ಹತ್ತು ಶೀಲ ಹಿಡಿದ ದಸಸಿಲ್ ಮಾತೆಯರಿದ್ದಾರೆ. ಅವರಲ್ಲಿ ಎಷ್ಟೋ ಜನ ನಮಗೆ ಭಿಕ್ಷುಣಿ ಪಟ್ಟ ಬೇಡ ಎಂದೇ ಹೇಳಿದ್ದಾರೆ.

ಮೀನಾ, ಬೆಂಗಳೂರು

ಬೇಡ ಅಂದದ್ದು ನಿಜ. ಯಾಕೆ ಅಂದರು ಎಂಬುದನ್ನೂ ಕೇಳಬೇಕು. ಭಿಕ್ಷುಣಿಯಾದರೆ ಎಂಟು ಗರುಧಮ್ಮಗಳ ಕೆಳಗೆ, ಅಂದರೆ ಭಿಕ್ಷುಗಳ ಕೈಕೆಳಗೆ ಬರಬೇಕಾಗುತ್ತದೆ. ಈಗ ನಮ್ಮ ಆಶ್ರಮ ನಮ್ಮ ಕೈಯಲ್ಲಿದೆ ಎಂಬ ಲೆಕ್ಕವೂ ಅದರಲ್ಲಿತ್ತು. ಪಟ್ಟಕ್ಕಾಗಿ ಹೋರಾಡಿದವರೂ, ಪಟ್ಟ ಬೇಡ ಎಂದವರೂ ಒಂದೇ ಪಟ್ಟಿಯನ್ನು ನೋಡಿ ತೀರ್ಮಾನ ಮಾಡಿದ್ದಾರೆ. ಹೋರಾಡಿದವರ ಕಾರಣವೂ ಗಟ್ಟಿಯಾಗಿದೆ. ಪೂರ್ಣ ಉಪಸಂಪದೆ ಇಲ್ಲದಿದ್ದರೆ ಸಂಘದ ಸಭೆಯಲ್ಲಿ ಕೂರುವಂತಿಲ್ಲ, ಇನ್ನೊಬ್ಬರಿಗೆ ಉಪಸಂಪದೆ ಕೊಡುವಂತಿಲ್ಲ. ಥಾಯ್‌ಲ್ಯಾಂಡಿನಲ್ಲಿ ಬಿಳಿ ಬಟ್ಟೆ ಉಟ್ಟು ಶೀಲ ಪಾಲಿಸುವ ಮೆ ಚಿಯರು ಎಷ್ಟೋ ವಿಹಾರಗಳಲ್ಲಿ ಅಡುಗೆ, ಕಸ ಗುಡಿಸುವ ಕೆಲಸದಲ್ಲೇ ಇದ್ದಾರೆ. ಕಾವೇರಿ ಮೇಡಂ ಹೇಳಿದ ಉಣ್ಣೆಯ ಪ್ರಸಂಗವೇ ಇದು. ವ್ಯತ್ಯಾಸ ಏನೆಂದರೆ ಇವರು ಭಿಕ್ಷುಣಿಯರಲ್ಲ, ಹಾಗಾಗಿ ಆ ನಿಯಮ ಇವರ ನೆರವಿಗೆ ಬರುವುದಿಲ್ಲ.

ಸಿದ್ಧಾರ್ಥ, ಕೋಲಾರ

ಮೀನಾ ಅವರೇ, ನಿಮ್ಮ ಮೊದಲ ತಕರಾರಿಗೆ ನನ್ನ ಉತ್ತರ ಬಾಕಿಯಿದೆ. ಬುದ್ಧನ ಪರಿನಿರ್ವಾಣವಾದ ಮೇಲೆ ರಾಜಗೃಹದ ಸಭೆಯಲ್ಲಿ ಹಿರಿಯ ಭಿಕ್ಷುಗಳು ಆನಂದನ ಮೇಲೆ ತಪ್ಪು ಹೊರಿಸಿದರು. ಹೆಂಗಸರನ್ನು ಸಂಘಕ್ಕೆ ಸೇರಿಸಲು ಯತ್ನಿಸಿದ್ದು ಅದರಲ್ಲಿ ಒಂದು. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಆದರೂ ನಿಮ್ಮ ಮೇಲಿನ ಗೌರವಕ್ಕೆ ಒಪ್ಪಿಕೊಳ್ಳುತ್ತೇನೆ ಎಂದ ಆನಂದ. ಬುದ್ಧನೇ ಒಪ್ಪಿ ಮಾಡಿದ್ದನ್ನು ಬುದ್ಧ ಹೋದ ಮೇಲೆ ತಪ್ಪು ಎನ್ನುವ ಗುಂಪು ಸಂಘದಲ್ಲಿತ್ತು ಅಂತ ತಾನೇ ಇದರರ್ಥ? 500 ವರ್ಷದ ಭವಿಷ್ಯವಾಣಿ ಯಾರ ಬಾಯಿಂದ ಬಂದಿರಬಹುದು ಎಂಬುದಕ್ಕೆ ಇದಕ್ಕಿಂತ ಸುಳಿವು ಬೇಕಾ? ಇಷ್ಟವೇ ಅಳತೆಗೋಲು ಅಂದಿರಿ. ಇಲ್ಲಿ ಅಳತೆಗೋಲು ಪಠ್ಯವೇ.

ಮೀನಾ, ಬೆಂಗಳೂರು

ಅಂಥ ಗುಂಪಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಆನಂದನ ದಿಟ್ಟ ಉತ್ತರವನ್ನು ಉಳಿಸಿ ಬರೆದದ್ದೂ ಅದೇ ಸಂಘವೇ ಅಲ್ವಾ? ಬುದ್ಧ ಏನು ಹೇಳಿರಬಹುದು ಎಂಬಲ್ಲಿಗೆ ಇದರಿಂದ ಹೋಗಲಾಗುವುದಿಲ್ಲ. ಇದರಲ್ಲಿ ನಾವಿಬ್ಬರೂ ಒಂದೇ ಕಡೆ ಬರುವುದು ಕಷ್ಟ.

ಸುಮಾ, ಮೈಸೂರು

ಎಲ್ಲರಿಗೂ ಧನ್ಯವಾದ. ಭಾನುವಾರ ಮೂರೇ ಭಾಗ ಓದುತ್ತೇನೆ: ವೈಶಾಲಿಯ ಬಾಗಿಲು, ಕೆಸರು ನೀರು, ಉಪಸಂಪದೆಯ ಪ್ರಶ್ನೆಗಳು. ಒಂದು ಕೇಳಬೇಕು. ಆ ಪ್ರಶ್ನೆಗಳ ವಿಷಯಕ್ಕೆ ನಮ್ಮ ಬಳಗದಲ್ಲಿ ಜಗಳ ಗ್ಯಾರಂಟಿ. ಹೆಂಗಸರ ಮುಂದೆ ಕೇಳುವ ಹಾಗೆ ಮಾಡಿದ್ದು ಒಳ್ಳೆಯದೇ. ಆದರೆ ಮುಟ್ಟು ಸರಿಯಿಲ್ಲದವಳನ್ನು, ಮೈಯಲ್ಲಿ ಏನೋ ಬೇರೆಯಿದ್ದವಳನ್ನು ಆ ಪ್ರಶ್ನೆಗಳೇ ಹೊರಗೆ ಹಾಕುತ್ತವಲ್ಲ?

ಕಾವೇರಿ, ಧಾರವಾಡ

ಹಾಕುತ್ತವೆ. ಗಂಡಸರಿಗೂ ಕುಷ್ಠ, ಕ್ಷಯ, ಮೂರ್ಛೆರೋಗ ಇದೆಯೇ ಎಂದು ಕೇಳುತ್ತಾರೆ, ಅದು ಹೆಂಗಸರ ಪಟ್ಟಿಯಲ್ಲೂ ಇದೆ. ಹೆಂಗಸರಿಗೆ ಮಾತ್ರ ಮೈಯೊಳಗಿನ ಈ ಪ್ರಶ್ನೆಗಳು ಹೆಚ್ಚಿಗೆ. ಒಟ್ಟಿಗೆ ಬದುಕುವ ಸಂಘಕ್ಕೆ ಆರೈಕೆಯ ಭಾರ ಆಗದಿರಲಿ ಅಂತಿತ್ತೋ, ನೀನು ನಿಜವಾಗಿ ಹೆಣ್ಣೇ ಎಂದು ಪರೀಕ್ಷಿಸುವ ಹಟವಿತ್ತೋ, ಪಠ್ಯ ಬಿಡಿಸಿ ಹೇಳುವುದಿಲ್ಲ. ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ಜಗಳವಾದರೆ ಆಗಲಿ, ಯಾರು ಏನೆಂದರು ಎಂದು ಇಲ್ಲಿ ಬಂದು ಬರೆಯಿರಿ.

ಶಾರದಾ ಎಚ್., ಹುಬ್ಬಳ್ಳಿ

ಈ ಪ್ರಶ್ನೆಗಳನ್ನು ಈಗಲೂ ಕೇಳುತ್ತಾರಾ? ಹುಡುಗಿಗೆ ಥೈರಾಯ್ಡ್ ಇದೆ, ಮುಟ್ಟು ಸರಿಯಾಗಿ ಆಗುವುದಿಲ್ಲ. ಅದಕ್ಕೆ ಕೇಳಿದೆ.

ಕಾವೇರಿ, ಧಾರವಾಡ

ವಿಧಿಯಲ್ಲಿ ಈಗಲೂ ಕೇಳುತ್ತಾರೆ ಅಕ್ಕ. ಅವಳು ಹೋಗುವ ವಿಹಾರದ ಹಿರಿಯ ಭಿಕ್ಷುಣಿಯ ಹತ್ತಿರ ಇದನ್ನು ಮೊದಲೇ ಬಿಚ್ಚಿ ಹೇಳಲಿ. ಕೊನೆ ದಿನದವರೆಗೆ ಇಟ್ಟುಕೊಳ್ಳುವುದು ಬೇಡ.